ಬಿಸಿಯಾದಷ್ಟೂ ಗಟ್ಟಿಯಾಗುವ ಗ್ಯಾಮಾ ಪ್ರೈಮ್

ಎಲ್ಲರಿಗೂ ನಮಸ್ಕಾರ.

ಜೆಟ್ ಎಂಜಿನ್ನಿನಲ್ಲಿ ಇಂಧನ ಉರಿಯುವ ಕೋಣೆಯನ್ನು ದಾಟಿದ ಕೂಡಲೇ ಟರ್ಬೈನಿನ ಮೊದಲ ಚಕ್ರ ಇರುತ್ತದೆ. ಅದರ ಅಂಚಿಗೆ ಬೆರಳುದ್ದದ ಬ್ಲೇಡುಗಳನ್ನು ಸಾಲಾಗಿ ಸಿಕ್ಕಿಸಿರುತ್ತಾರೆ. ಇವತ್ತು ಅಂಥ ಒಂದು ಬ್ಲೇಡಿನ ಒಳಗೆ ಏನಿದೆ ಅಂತ ನೋಡೋಣ.

ಮೊದಲು ಅದರ ಮೇಲಿನ ಭಾರವನ್ನು ಲೆಕ್ಕ ಹಾಕೋಣ. ಚಕ್ರ ನಿಮಿಷಕ್ಕೆ 12,000 ಸುತ್ತು ತಿರುಗುತ್ತಿದೆ, ಬ್ಲೇಡು ನಡುವಿನಿಂದ 30 ಸೆಂ.ಮೀ. ದೂರದಲ್ಲಿದೆ ಅಂತಿಟ್ಟುಕೊಳ್ಳಿ. ಆಗ ಬ್ಲೇಡಿನ ಪ್ರತಿ ಗ್ರಾಮೂ ತನ್ನ ತೂಕದ ಸುಮಾರು 48,000 ಪಟ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. 200 ಗ್ರಾಂ ಬ್ಲೇಡು ಒಂಬತ್ತೂವರೆ ಟನ್ ಭಾರವಾಗಿ ತನ್ನ ಬುಡದಿಂದ ಜೋತುಬಿದ್ದ ಹಾಗೆ. ಒಳಗೆ ಕೊರೆದ ದಾರಿಗಳಲ್ಲಿ ತಂಪುಗಾಳಿ ಹರಿಸಿ, ಮೇಲೆ ಸೆರಾಮಿಕ್ ಲೇಪ ಕೊಟ್ಟ ಮೇಲೂ ಲೋಹದ ಬಿಸಿ ಅಲ್ಲಲ್ಲಿ 1050 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಈ ಲೋಹ ಕರಗಲು ಶುರುವಾಗುವುದು ಸುಮಾರು 1320 ಡಿಗ್ರಿಗೆ. ಕೆಲ್ವಿನ್ ಲೆಕ್ಕದಲ್ಲಿ ಅದು ಕರಗುವ ಬಿಂದುವಿನ ಶೇ. 83ರಷ್ಟು ಬಿಸಿಯಲ್ಲಿದೆ. ಅಲ್ಯೂಮಿನಿಯಮ್ಮನ್ನು ಇದೇ ಪ್ರಮಾಣಕ್ಕೆ ತಂದರೆ 500 ಡಿಗ್ರಿ ಆಗುತ್ತದೆ. ವಿಮಾನದ ರೆಕ್ಕೆಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹ ಅದಕ್ಕಿಂತ ಎಷ್ಟೋ ಮುಂಚೆ, 200 ಡಿಗ್ರಿಯ ಆಸುಪಾಸಿನಲ್ಲೇ, ಬಲ ಕಳೆದುಕೊಳ್ಳುತ್ತದೆ.

ನಾನು ಹೇಳುತ್ತಿರುವ ಮಿಶ್ರಲೋಹದ ಹೆಸರು ಸಿಎಂಎಸ್‌ಎಕ್ಸ್-4. ಬಹುಪಾಲು ನಿಕ್ಕಲ್, ಜೊತೆಗೆ ಶೇ. 5.6 ಅಲ್ಯೂಮಿನಿಯಂ, ಶೇ. 3 ರೀನಿಯಂ, ಇನ್ನು ಕ್ರೋಮಿಯಂ, ಕೋಬಾಲ್ಟ್, ಟಂಗ್‌ಸ್ಟನ್, ಟ್ಯಾಂಟಲಮ್. ಇಡೀ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಇದರ ಒಂದು ಚೂರನ್ನು ನುಣುಪು ಮಾಡಿ, ಆಸಿಡ್ಡಿನಲ್ಲಿ ಮೇಲ್ಮೈಯನ್ನು ತುಸು ಕೊರೆಸಿ, ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ಇಟ್ಟರೆ ಕಾಣುವುದು ಒತ್ತೊತ್ತಾಗಿ ಜೋಡಿಸಿದ ಘನಾಕೃತಿಗಳು. ಒಂದೊಂದರ ಬದಿ ಸುಮಾರು ಅರ್ಧ ಮೈಕ್ರಾನ್. ಇವೇ ಗ್ಯಾಮಾ ಪ್ರೈಮ್. ನಡುವಿನ ಸಣ್ಣ ಓಣಿಗಳಲ್ಲಿ ಇರುವುದು ಗ್ಯಾಮಾ. ಬ್ಲೇಡಿನ ಗಾತ್ರದಲ್ಲಿ ಸುಮಾರು ಶೇ. 70 ಗ್ಯಾಮಾ ಪ್ರೈಮೇ ಆಗಿರುತ್ತದೆ. ಎರಕವಾದ ಮೇಲೆ 1300 ಡಿಗ್ರಿಗಿಂತ ಮೇಲಕ್ಕೆ, ಮೆಟ್ಟಿಲು ಮೆಟ್ಟಿಲಾಗಿ, ಕರಗದಂತೆ ಎಚ್ಚರದಿಂದ ಕಾಯಿಸಿ, ಬೇಗ ತಣಿಸಿ, ಮತ್ತೆ 1140 ಮತ್ತು 870 ಡಿಗ್ರಿಗಳಲ್ಲಿ ಗಂಟೆಗಟ್ಟಲೆ ಇಟ್ಟಾಗ ಈ ಅಚ್ಚುಕಟ್ಟು ಬರುತ್ತದೆ.

ಗ್ಯಾಮಾದಲ್ಲೂ ಗ್ಯಾಮಾ ಪ್ರೈಮ್‌ನಲ್ಲೂ ಪರಮಾಣುಗಳ ಚೌಕಟ್ಟು ಬಹುತೇಕ ಒಂದೇ. ಗ್ಯಾಮಾದಲ್ಲಿ ಯಾವ ಪರಮಾಣು ಎಲ್ಲಿ ಬೇಕಾದರೂ ಕೂರಬಹುದು. ಗ್ಯಾಮಾ ಪ್ರೈಮ್ ಎಂದರೆ Ni₃Al. ಇಲ್ಲಿ ಪರಮಾಣು ಚೌಕಟ್ಟಿನ ಪ್ರತಿ ಪುಟ್ಟ ಘನದ ಎಂಟು ಮೂಲೆಗಳು ಅಲ್ಯೂಮಿನಿಯಮ್ಮಿಗೆ, ಆರು ಮುಖಗಳ ನಡುಭಾಗಗಳು ನಿಕ್ಕಲ್ಲಿಗೆ. ಈ ಶಿಸ್ತಿನಲ್ಲೇ ಎಲ್ಲ ಇದೆ.

ಲೋಹ ಮೆತ್ತಗಾಗುವುದು ಎಂದರೆ ಅದರೊಳಗಿನ ಡಿಸ್‌ಲೊಕೇಶನ್ನುಗಳು, ಅಂದರೆ ಪರಮಾಣು ಸಾಲುಗಳ ತಪ್ಪುಜೋಡಣೆಯ ಗೆರೆಗಳು, ಸಲೀಸಾಗಿ ಓಡಾಡುವುದು. ಒಂದು ಡಿಸ್‌ಲೊಕೇಶನ್ ಹಾದುಹೋದ ಸಮತಲದ ಮೇಲಿನ ಭಾಗ ಒಂದು ಹೆಜ್ಜೆ ಜರುಗುತ್ತದೆ. ಗ್ಯಾಮಾದಲ್ಲಿ ಇದರಿಂದ ಏನೂ ಕೆಡುವುದಿಲ್ಲ. ಗ್ಯಾಮಾ ಪ್ರೈಮ್‌ನಲ್ಲಿ ಕೆಡುತ್ತದೆ. ಎರಡು ಬಣ್ಣದ ಚೌಕಳಿ ಸೀರೆಯನ್ನು ಅಡ್ಡಕ್ಕೆ ಕತ್ತರಿಸಿ ಒಂದು ಚೌಕದಷ್ಟು ಜರುಗಿಸಿದರೆ ಬಣ್ಣ ತಪ್ಪುತ್ತದೆ, ಇನ್ನೊಂದು ಚೌಕ ಜರುಗಿಸಿದರೆ ಮತ್ತೆ ಸರಿಹೋಗುತ್ತದೆ. ಹಾಗೆಯೇ ಇಲ್ಲಿ ಮೊದಲ ಡಿಸ್‌ಲೊಕೇಶನ್ ಹಾಳುಮಾಡಿದ ಕ್ರಮವನ್ನು ಹಿಂದೆಯೇ ಬರುವ ಎರಡನೆಯದು ಸರಿಮಾಡಬೇಕು. ಅದಕ್ಕಾಗಿ ಇವು ಯಾವಾಗಲೂ ಜೋಡಿಯಾಗಿ ಚಲಿಸುತ್ತವೆ, ನಡುವೆ ಕ್ರಮ ತಪ್ಪಿದ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಹುಟ್ಟಿಸಲು ಶಕ್ತಿ ಖರ್ಚಾಗುತ್ತದೆ.

ಡಿಸ್‌ಲೊಕೇಶನ್ ಜೋಡಿಗೆ ಓಡಾಡಲು ಸುಲಭವಾದದ್ದು ಆ ಪುಟ್ಟ ಘನದ ಮೂಲೆಯನ್ನು ಓರೆಯಾಗಿ ಕತ್ತರಿಸುವ ಅಷ್ಟಮುಖಿ ಸಮತಲ. ಆದರೆ ಕ್ರಮ ತಪ್ಪಿದ ಪಟ್ಟಿಗೆ ಕಡಿಮೆ ಶಕ್ತಿ ಸಾಕಾಗುವುದು ಘನದ ಮುಖಕ್ಕೆ ಸಮಾಂತರವಾದ ಸಮತಲದಲ್ಲಿ. ತಣ್ಣಗಿದ್ದಾಗ ಜೋಡಿ ತನ್ನ ಸುಲಭದ ದಾರಿಯಲ್ಲೇ ಹೋಗುತ್ತಿರುತ್ತದೆ. ಬಿಸಿ ಏರಿದಂತೆ ಉಷ್ಣದ ಕಂಪನವೇ ಜೋಡಿಯಲ್ಲಿ ಮುಂದಿರುವ ಡಿಸ್‌ಲೊಕೇಶನ್ನಿನ ತುಂಡನ್ನು ಘನದ ಸಮತಲಕ್ಕೆ ಹೊರಳಿಸುತ್ತದೆ. ಅಲ್ಲಿ ಚಲಿಸುವುದು ಕಷ್ಟ, ಹಿಂದಕ್ಕೆ ಬರುವುದೂ ಕಷ್ಟ. ಜೋಡಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಕಿಯರ್-ವಿಲ್ಸ್‌ಡಾರ್ಫ್ ಬೀಗ ಎಂದು ಹೆಸರು. ಬಿಸಿ ಹೆಚ್ಚಿದಷ್ಟೂ ಇಂಥ ಬೀಗಗಳು ಹೆಚ್ಚುತ್ತವೆ. ಬೇರೆ ಲೋಹಗಳನ್ನು ಮೆತ್ತಗೆ ಮಾಡುವ ಉಷ್ಣವೇ Ni₃Al ಅನ್ನು ಗಟ್ಟಿ ಮಾಡುತ್ತದೆ. ಅದರ ಬಲ ಕೋಣೆಯ ಉಷ್ಣತೆಯಿಂದ ಏರುತ್ತಾ ಹೋಗಿ 700-800 ಡಿಗ್ರಿಯ ಹತ್ತಿರ ಶಿಖರ ಮುಟ್ಟುತ್ತದೆ. ಲೋಹಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಸೊಗಸಾದ ಸಂಗತಿ ಗೊತ್ತಿಲ್ಲ.

ಅದಕ್ಕೊಂದು ಮಿತಿಯೂ ಇದೆ, ಅದನ್ನು ಎಷ್ಟೋ ಪುಸ್ತಕಗಳು ಬೇಗ ದಾಟಿಬಿಡುತ್ತವೆ. 800 ಡಿಗ್ರಿ ಮೀರಿದರೆ ಘನದ ಸಮತಲದಲ್ಲೂ ಜಾರುವುದು ಸುಲಭವಾಗುತ್ತದೆ, ಬೀಗಗಳು ಬಿಚ್ಚಿಕೊಳ್ಳುತ್ತವೆ. ಬ್ಲೇಡಿನ ಬುಡದ ಕಡೆ ಬಿಸಿ ಕಡಿಮೆ, ಎಳೆತ ಜಾಸ್ತಿ, ಅಲ್ಲಿ ಬೀಗ ಕೆಲಸ ಮಾಡುತ್ತದೆ. 1050 ಡಿಗ್ರಿಯ ಜಾಗದಲ್ಲಿ ಬ್ಲೇಡನ್ನು ಕಾಯುವುದು ಆ ಓಣಿಗಳ ಇಕ್ಕಟ್ಟು. ಡಿಸ್‌ಲೊಕೇಶನ್ ಗ್ಯಾಮಾದ ಓಣಿಯಲ್ಲಿ ನುಸುಳಬೇಕಾದರೆ ಬಿಲ್ಲಿನಂತೆ ಬಾಗಬೇಕು. ಓಣಿಯ ಅಗಲ 60 ನ್ಯಾನೊಮೀಟರ್ ಇದ್ದರೆ ಅದಕ್ಕೆ ಬೇಕಾದ ಒತ್ತಡ, ಸರಳ ಲೆಕ್ಕದಲ್ಲಿ, 160 ಮೆಗಾಪಾಸ್ಕಲ್ ಆಸುಪಾಸು. ಅಗಲ ಎರಡರಷ್ಟಾದರೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಘನಗಳು ದಪ್ಪವಾಗದೆ, ಓಣಿಗಳು ಅಗಲವಾಗದೆ ಸಾವಿರಾರು ಗಂಟೆ ಉಳಿಯಬೇಕು.

ಉಳಿಯುವುದು ಹೇಗೆ? ಗ್ಯಾಮಾ ಮತ್ತು ಗ್ಯಾಮಾ ಪ್ರೈಮ್‌ನ ಪರಮಾಣು ಅಂತರಗಳ ವ್ಯತ್ಯಾಸ ಈ ಮಿಶ್ರಲೋಹದಲ್ಲಿ ಶೇ. ಅರ್ಧಕ್ಕಿಂತ ಕಡಿಮೆ. ಹಾಗಾಗಿ ಎರಡರ ಗಡಿಯಲ್ಲಿ ಹೆಚ್ಚು ಶಕ್ತಿ ಶೇಖರವಾಗಿರುವುದಿಲ್ಲ, ಸಣ್ಣ ಘನಗಳು ಕರಗಿ ದೊಡ್ಡವನ್ನು ಸೇರಬೇಕೆಂಬ ಒತ್ತಾಯವೂ ಕಡಿಮೆ. ಇನ್ನು ರೀನಿಯಂ. ಅದು ಹೆಚ್ಚಾಗಿ ಗ್ಯಾಮಾದ ಓಣಿಗಳಲ್ಲೇ ಇರುತ್ತದೆ, ನಿಕ್ಕಲ್ಲಿನೊಳಗೆ ಬಹಳ ನಿಧಾನವಾಗಿ ಚಲಿಸುತ್ತದೆ. ಘನ ಬೆಳೆಯಬೇಕಾದರೆ ಈ ಮಂದಗತಿಯ ಪರಮಾಣುಗಳು ದಾರಿ ಬಿಡಬೇಕು. ಹಾಗೆಂದು ರೀನಿಯಂ ಸುರಿಯುತ್ತಾ ಹೋದರೆ ಸೂಜಿಯಂಥ ಪೆಡಸು ಹರಳುಗಳು ಒಳಗೆ ಮೂಡಿ ಬಿರುಕಿಗೆ ಕಾರಣವಾಗುತ್ತವೆ.

ಆದರೂ ಎಳೆತ ಮತ್ತು ಬಿಸಿ ಒಟ್ಟಿಗೆ ಬಹಳ ಹೊತ್ತು ಇದ್ದರೆ ಘನಗಳು ಹಾಗೇ ಉಳಿಯುವುದಿಲ್ಲ. ಎಳೆತಕ್ಕೆ ಅಡ್ಡಲಾಗಿರುವ ಓಣಿಗಳಲ್ಲಿ ಡಿಸ್‌ಲೊಕೇಶನ್ನುಗಳು ಮೊದಲು ತುಂಬುತ್ತವೆ, ಗ್ಯಾಮಾ ಆ ಕಡೆ ಹರಿಯುತ್ತದೆ, ಎಳೆತದ ಉದ್ದಕ್ಕಿರುವ ಓಣಿಗಳು ಮುಚ್ಚಿಹೋಗಿ ಅಕ್ಕಪಕ್ಕದ ಘನಗಳು ಕೂಡಿಕೊಂಡು ಎಳೆತಕ್ಕೆ ಅಡ್ಡವಾದ ಹಲಗೆಗಳಾಗುತ್ತವೆ. ಇದನ್ನು ರಾಫ್ಟಿಂಗ್ ಅನ್ನುತ್ತಾರೆ.

ಓಡಿ ಬಂದ ಬ್ಲೇಡನ್ನು ಪರೀಕ್ಷಿಸುವವರಿಗೆ ಇದು ಬಹಳ ಉಪಯೋಗದ ಗುರುತು. ಎಂಜಿನ್ನಿನ ಬಿಸಿಯನ್ನು ಬ್ಲೇಡಿನ ಪ್ರತಿ ಜಾಗದಲ್ಲೂ ಅಳೆಯಲಾಗದು, ಆದರೆ ಒಂದು ಬ್ಲೇಡನ್ನು ಬುಡದಿಂದ ತುದಿಯವರೆಗೆ ಕತ್ತರಿಸಿ ನೋಡಬಹುದು. ಬುಡದಲ್ಲಿ ಚೊಕ್ಕ ಘನಗಳು, ನಡುವೆ ಹಲಗೆಗಳು ಕಂಡರೆ ಬಿಸಿ ಎಲ್ಲಿ ಎಷ್ಟಿತ್ತು ಎಂದು ಅಂದಾಜಾಗುತ್ತದೆ. ಎಲ್ಲಾದರೂ ದೊಡ್ಡ ಘನಗಳೇ ಇಲ್ಲದೆ ಬರೀ ಸಣ್ಣ ಕಣಗಳು ಕಂಡರೆ ಮಾತು ಬೇರೆ: ಅಲ್ಲಿ ಲೋಹ ಒಮ್ಮೆ 1290 ಡಿಗ್ರಿಯ ಆಸುಪಾಸಿಗೆ ಹೋಗಿ, ಗ್ಯಾಮಾ ಪ್ರೈಮ್ ಪೂರ್ತಿ ಕರಗಿ, ತಣಿಯುವಾಗ ಹೊಸದಾಗಿ ಹುಟ್ಟಿಕೊಂಡಿದೆ. ಆಗ ಆ ಒಂದು ಬ್ಲೇಡನ್ನು ಬದಿಗಿಟ್ಟರೆ ಸಾಲದು. ಅದೇ ಚಕ್ರದ ಉಳಿದ ಬ್ಲೇಡುಗಳನ್ನೂ, ಅವುಗಳ ಲೇಪವನ್ನೂ, ಗಾಳಿಯ ದಾರಿಗಳು ಕಟ್ಟಿಕೊಂಡಿವೆಯೇ ಎಂಬುದನ್ನೂ ನೋಡಬೇಕಾಗುತ್ತದೆ.