ಮಾರಿದ ಮಷಿನ್ ಲೆಕ್ಕದಿಂದಲೂ ಹೋಗಬೇಕು

ಸ್ನೇಹಿತರೇ, ಒಂದು ಮುದ್ರಣಾಲಯದ ಲೆಕ್ಕ ತೆಗೆದುಕೊಳ್ಳೋಣ. ಅವರು 2021ರ ಏಪ್ರಿಲ್ 1ರಂದು 8,00,000 ರೂಪಾಯಿಗೆ ಒಂದು ಆಫ್‌ಸೆಟ್ ಮಷಿನ್ ಕೊಂಡರು. ಸವಕಳಿ ನೇರ ವಿಧಾನದಲ್ಲಿ ವರ್ಷಕ್ಕೆ ಶೇ. 10, ಅಂದರೆ 80,000. 2024ರ ಸೆಪ್ಟೆಂಬರ್ 30ರಂದು ಅದನ್ನು 4,90,000ಕ್ಕೆ ಮಾರಿದರು. ಲಾಭವೋ ನಷ್ಟವೋ?

ಕೊಂಡ ಬೆಲೆಗೆ ಹೋಲಿಸಿ 3,10,000 ನಷ್ಟ ಎನ್ನುವವರು ಇದ್ದಾರೆ. ಆದರೆ ಅದರಲ್ಲಿ ಬಹುಪಾಲನ್ನು ನಾವು ಆಗಲೇ ಸವಕಳಿಯಾಗಿ ಖರ್ಚು ಬರೆದಾಗಿದೆ, ಅಲ್ವಾ? ಹಾಗಾಗಿ ಹೋಲಿಸಬೇಕಾದದ್ದು ಮಾರಿದ ದಿನದ ಪುಸ್ತಕ ಬೆಲೆಗೆ.

ಮೊದಲು ಆ ದಿನದವರೆಗಿನ ಸವಕಳಿ ಹಾಕಿ. 2024ರ ಮಾರ್ಚ್‌ವರೆಗೆ ಮೂರು ವರ್ಷಕ್ಕೆ 2,40,000. ಆಮೇಲಿನ ಆರು ತಿಂಗಳಿಗೆ 40,000. ಒಟ್ಟು 2,80,000. ಪುಸ್ತಕ ಬೆಲೆ 5,20,000. ಬಂದದ್ದು 4,90,000. ನಷ್ಟ 30,000 ಮಾತ್ರ.

ಆ ಆರು ತಿಂಗಳನ್ನು ಮರೆತರೆ ನಷ್ಟ 70,000 ಎಂದು ಬರುತ್ತದೆ. ವರ್ಷದ ಒಟ್ಟು ಲಾಭ ಮಾತ್ರ ಬದಲಾಗುವುದಿಲ್ಲ, ಯಾಕಂದರೆ 40,000 ಸವಕಳಿ ಮತ್ತು 30,000 ನಷ್ಟ ಸೇರಿದರೂ ಅಷ್ಟೇ. ಅದಕ್ಕೇ ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಮಷಿನನ್ನು ತೀರಾ ಅಗ್ಗಕ್ಕೆ ಮಾರಿದರು ಅನ್ನೋ ಸುಳ್ಳು ಚಿತ್ರ ಮಾಲೀಕರಿಗೆ ಸಿಗುತ್ತದೆ.

ಇನ್ನು ನಮೂದು. ಈ ಮಷಿನ್ ಪುಸ್ತಕದಲ್ಲಿ ಎರಡು ಕಡೆ ಇದೆ. ಯಂತ್ರ ಖಾತೆಯಲ್ಲಿ ಪೂರ್ತಿ 8,00,000 ಡೆಬಿಟ್, ಸಂಚಿತ ಸವಕಳಿ ಖಾತೆಯಲ್ಲಿ 2,80,000 ಕ್ರೆಡಿಟ್. ಎರಡನ್ನೂ ಖಾಲಿ ಮಾಡಬೇಕು. ಸಂಚಿತ ಸವಕಳಿಗೆ 2,80,000 ಡೆಬಿಟ್, ಬ್ಯಾಂಕಿಗೆ 4,90,000 ಡೆಬಿಟ್, ನಷ್ಟಕ್ಕೆ 30,000 ಡೆಬಿಟ್. ಯಂತ್ರಕ್ಕೆ 8,00,000 ಕ್ರೆಡಿಟ್. ಕೊಳ್ಳುವವರಿಂದ ಜಿಎಸ್‌ಟಿ ವಸೂಲಿ ಮಾಡಿದ್ದರೆ ಅದು ಬೇರೆ ಖಾತೆಗೆ. ಅದನ್ನು ಮಾರಾಟ ಬೆಲೆಗೆ ಸೇರಿಸಬೇಡಿ.

ನಾನು ಜಾಸ್ತಿ ನೋಡುವ ತಪ್ಪು ಬೇರೆಯದು. ಬಂದ 4,90,000ವನ್ನು ಸುಮ್ನೆ ಯಂತ್ರ ಖಾತೆಗೆ ಕ್ರೆಡಿಟ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಆಗ ಅಲ್ಲಿ 3,10,000 ಉಳಿಯುತ್ತದೆ, ಸಂಚಿತ ಸವಕಳಿಯಲ್ಲಿ 2,80,000 ಕೂತೇ ಇರುತ್ತದೆ. ತಾಳೆಪಟ್ಟಿ ಸರಿಯಾಗೇ ಕೂಡುತ್ತದೆ, ಏನೂ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಆ 3,10,000ದ ಮೇಲೂ ಸವಕಳಿ ಬೀಳುತ್ತದೆ, ಅಂದರೆ ಅಂಗಡಿಯಲ್ಲಿ ಇಲ್ಲದ ಮಷಿನ್ ಸವೆಯುತ್ತಾ ಹೋಗುತ್ತದೆ! ಪತ್ತೆ ಮಾಡಲು ಸ್ಥಿರ ಆಸ್ತಿ ರಿಜಿಸ್ಟರ್‌ನಲ್ಲಿ ಈಗ ಇರುವ ಮಷಿನ್‌ಗಳ ಕೊಂಡ ಬೆಲೆ ಕೂಡಿ, ಯಂತ್ರ ಖಾತೆಯ ಬಾಕಿಯ ಜೊತೆ ಹೋಲಿಸಿ. ಸಂಚಿತ ಸವಕಳಿಗೂ ಹಾಗೇ ಮಾಡಿ. ಎರಡೂ ಕಡೆ ವ್ಯತ್ಯಾಸ ಬಂದರೆ, ಆ ವರ್ಷ ಮಾರಿದ ಆಸ್ತಿಗಳ ಬಿಲ್‌ಗಳನ್ನು ಮೊದಲು ತೆಗೆಯಿರಿ.