ಬಿ.ಕಾಂ. ಕೊನೆಯ ವರ್ಷ, ಎನ್‌ಐಎಸ್‌ಎಂ ಏಳನೆಯ ಸರಣಿ

ಕೇಳುಗರಿಗೆ ನಮಸ್ಕಾರ.

ಐದನೆಯ ಸೆಮಿಸ್ಟರ್ ಶುರುವಾಯಿತೆಂದರೆ ನಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ಕೋಣೆಗೆ ಬಿ.ಕಾಂ. ಮಕ್ಕಳು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಸರ್, ಯಾವ ಸರ್ಟಿಫಿಕೇಟ್ ಮಾಡಿದ್ರೆ ಕೆಲಸ ಸಿಗುತ್ತೆ?" ಕೈಯಲ್ಲಿರುವ ಫೈಲಿನಲ್ಲಿ ಆಗಲೇ ಹತ್ತು ಹನ್ನೆರಡು ಹಾಳೆ ಇರುತ್ತವೆ. ಒಂದು ದಿನದ ವೆಬಿನಾರು, ಎರಡು ದಿನದ ಕಾರ್ಯಾಗಾರ, ಬಣ್ಣದ ಅಂಚು, ಕೆಳಗೆ ಎರಡು ಸಹಿ. ಸಂದರ್ಶನಕ್ಕೆ ಕೂತವರು ಆ ಹಾಳೆಗಳ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಮಗು ಅಲ್ಲಿ ಕೂತಿತ್ತು ಎನ್ನುವುದಷ್ಟೇ ಅವುಗಳಿಂದ ಗೊತ್ತಾಗುವುದು.

ಹಾಗಾಗಿ ಇವತ್ತು ಒಂದೇ ಒಂದು ಪರೀಕ್ಷೆಯ ಬಗ್ಗೆ ಮಾತಾಡುತ್ತೇನೆ. ಇಂಜಿನಿಯರಿಂಗ್ ಓದುವವರಿಗೆ ದಾರಿ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ಜಿಲ್ಲಾ ಕೇಂದ್ರದ, ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಕಾಂ. ಓದುವ ಮಕ್ಕಳಿಗೆ ಹೇಳುವವರು ಕಡಿಮೆ. ಟ್ಯಾಲಿ ಕಲಿಯಿರಿ ಅನ್ನುತ್ತಾರೆ, ಕಲಿಯಬೇಕು, ಸರಿ. ಆದರೆ ಟ್ಯಾಲಿ ಎಲ್ಲರೂ ಕಲಿತಿರುತ್ತಾರೆ.

ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ 2006ರಲ್ಲಿ ಒಂದು ಸಂಸ್ಥೆ ಕಟ್ಟಿತು. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸೆಕ್ಯುರಿಟೀಸ್ ಮಾರ್ಕೆಟ್ಸ್ ಎಂದು ಅದರ ಹೆಸರು, ಬಳಕೆಯಲ್ಲಿ ಎನ್‌ಐಎಸ್‌ಎಂ. ಅದು ನಡೆಸುವ ಪರೀಕ್ಷೆಗಳಿಗೆ ಸರಣಿ ಸಂಖ್ಯೆ ಇರುತ್ತದೆ. ನಾನು ಹೇಳುತ್ತಿರುವುದು ಏಳನೆಯ ಸರಣಿ, ಸೆಕ್ಯುರಿಟೀಸ್ ಆಪರೇಷನ್ಸ್ ಅಂಡ್ ರಿಸ್ಕ್ ಮ್ಯಾನೇಜ್‌ಮೆಂಟ್. ನೀವು ಮೊಬೈಲಿನಲ್ಲಿ ಒಂದು ಷೇರು ಕೊಂಡಿರಿ ಅಂದುಕೊಳ್ಳಿ. ಗುಂಡಿ ಒತ್ತಿದ ಮೇಲೆ ಹಣ ಎಲ್ಲಿಂದ ಎಲ್ಲಿಗೆ ಹೋಯಿತು, ಷೇರು ಯಾರ ಖಾತೆಯಿಂದ ಬಂತು, ನಡುವೆ ಯಾರು ಹೊಣೆ ಹೊತ್ತರು, ಇವನ್ನೆಲ್ಲ ಲೆಕ್ಕ ಇಟ್ಟು ನೋಡಿಕೊಳ್ಳುವ ಕೆಲಸಕ್ಕೆ ಆಪರೇಷನ್ಸ್ ಅನ್ನುತ್ತಾರೆ. ಬ್ರೋಕರ್ ಕಂಪನಿಗಳಲ್ಲಿ, ಬೆಂಗಳೂರಿನಲ್ಲಿರುವ ದೊಡ್ಡ ಬ್ಯಾಂಕುಗಳ ಆಪರೇಷನ್ಸ್ ಕಚೇರಿಗಳಲ್ಲಿ ಬಿ.ಕಾಂ. ಮುಗಿಸಿದವರನ್ನು ತೆಗೆದುಕೊಳ್ಳುವುದು ಇಂಥ ಕೆಲಸಗಳಿಗೆ.

ಇದೇ ಪರೀಕ್ಷೆ ಯಾಕೆ ಅಂದರೆ, ಬ್ರೋಕರ್ ಕಂಪನಿಯಲ್ಲಿ ಗ್ರಾಹಕರ ಹಣ, ಷೇರು, ಅವುಗಳ ಕೊಡುಕೊಳ್ಳುವಿಕೆ ಮುಗಿಸುವ ಸೆಟ್ಲ್‌ಮೆಂಟ್ ನೋಡಿಕೊಳ್ಳುವವರು ಈ ಪರೀಕ್ಷೆ ಪಾಸಾಗಿರಲೇಬೇಕೆಂದು ಸೆಬಿಯ ನಿಯಮವಿದೆ. ಹೊಸದಾಗಿ ಸೇರಿದವರಿಗೆ ಒಂದು ವರ್ಷದ ಗಡುವು. ಅಂದರೆ ಕಂಪನಿ ನಿಮ್ಮನ್ನು ತೆಗೆದುಕೊಂಡ ಮೇಲೆ ಹೇಗೂ ಬರೆಸಬೇಕಾದ ಪರೀಕ್ಷೆ ಇದು. ಅದನ್ನು ಮುಗಿಸಿಕೊಂಡೇ ಬಂದವರನ್ನು ಕಂಡರೆ ಅವರ ಒಂದು ತಲೆನೋವು ಕಡಿಮೆಯಾಗುತ್ತದೆ. ವಿದೇಶಿ ಬ್ಯಾಂಕಿನ ಕಚೇರಿಯಲ್ಲಿ ಅಮೆರಿಕದ, ಯುರೋಪಿನ ವಹಿವಾಟು ನೋಡಿಕೊಳ್ಳುವ ಕೆಲಸವಾದರೆ ಈ ನಿಯಮ ತಾಗುವುದಿಲ್ಲ. ಅಲ್ಲಿ ಸಿಗುವ ಲಾಭ ಒಂದೇ, ಕೆಲಸದ ಭಾಷೆ ನಿಮಗೆ ಗೊತ್ತಿದೆ ಎಂದು ಕೇಳುವವರಿಗೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಅದೂ ಸಣ್ಣ ಲಾಭವಲ್ಲ.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಐದನೆಯ ಸರಣಿಯ ಎ ಪರೀಕ್ಷೆ ಕಟ್ಟುತ್ತಾರೆ. ಅದು ಮ್ಯೂಚುವಲ್ ಫಂಡ್ ವಿತರಕರಿಗಾಗಿ ಇರುವುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಸುಲಭ ಎಂಬ ಕಾರಣಕ್ಕೆ ಅತ್ತ ಹೋಗುತ್ತಾರೆ. ಅದು ಒಳ್ಳೆಯ ಪರೀಕ್ಷೆಯೇ. ಆದರೆ ಅದು ತೆರೆಯುವುದು ಮಾರಾಟದ ಬಾಗಿಲು. ತಿಂಗಳಿಗಿಷ್ಟು ಗುರಿ, ಮನೆ ಮನೆ ಓಡಾಟ. ಜನರ ಜೊತೆ ಮಾತಾಡಿ ಮಾರುವುದು ನಿಮಗೆ ಇಷ್ಟವಿದ್ದರೆ ಅದನ್ನೇ ಬರೆಯಿರಿ. ಲೆಕ್ಕ ತಾಳೆ ಹಾಕುತ್ತಾ ಕೂರುವ ಸ್ವಭಾವ ನಿಮ್ಮದಾದರೆ ಏಳನೆಯ ಸರಣಿಗೆ ಬನ್ನಿ.

ಪರೀಕ್ಷೆಯ ರೂಪ ಹೀಗಿದೆ. 100 ಪ್ರಶ್ನೆ, 100 ಅಂಕ, 2 ಗಂಟೆ. ಕಂಪ್ಯೂಟರಿನ ಮುಂದೆ ಕೂತು ಸರಿಯುತ್ತರ ಗುರುತಿಸಬೇಕು. 50 ಬಂದರೆ ಪಾಸು. ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತದೆ. ಮಕ್ಕಳು ಎಡವುವುದು ಈ ಕಾಲು ಅಂಕದಲ್ಲಿ, ಅದಕ್ಕೇ ಲೆಕ್ಕ ಹಾಕಿ ತೋರಿಸುತ್ತೇನೆ.

ಒಬ್ಬ ಹುಡುಗ ನೂರಕ್ಕೆ ನೂರೂ ಗುರುತಿಸಿದ. 60 ಸರಿ, 40 ತಪ್ಪು. ನಲವತ್ತು ತಪ್ಪಿಗೆ 10 ಅಂಕ ಹೋಯಿತು, ಉಳಿದದ್ದು ಸರಿಯಾಗಿ 50. ಕೂದಲೆಳೆಯಲ್ಲಿ ಪಾಸು. ಅವನ ಒಂದೇ ಒಂದು ಉತ್ತರ ಆಚೀಚೆಯಾಗಿ 59 ಸರಿ, 41 ತಪ್ಪಾಗಿದ್ದರೆ? 59ರಲ್ಲಿ 10.25 ಕಳೆದು 48.75. ಫೇಲು. ಇನ್ನೊಬ್ಬಳು 70 ಪ್ರಶ್ನೆ ಮಾತ್ರ ಮುಟ್ಟಿದಳು. 56 ಸರಿ, 14 ತಪ್ಪು. ಮೂರೂವರೆ ಅಂಕ ಹೋಗಿ 52.5 ಬಂತು. ಅವನಿಗಿಂತ ಇವಳ ಸರಿಯುತ್ತರಗಳು ಕಡಿಮೆ, ಅಂಕ ಹೆಚ್ಚು. ಹಾಗಂತ ಗೊತ್ತಿಲ್ಲದ್ದನ್ನೆಲ್ಲ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ನಾಲ್ಕು ಆಯ್ಕೆಯಲ್ಲಿ ಎರಡು ಖಂಡಿತ ತಪ್ಪೆಂದು ತಿಳಿದರೆ ಉಳಿದ ಎರಡರಲ್ಲಿ ಒಂದನ್ನು ಧೈರ್ಯವಾಗಿ ಗುರುತಿಸಿ. ಅಂಥ ಎರಡು ಪ್ರಶ್ನೆಯಲ್ಲಿ ಒಂದು ಸರಿಯಾದರೂ ಮುಕ್ಕಾಲು ಅಂಕ ಕೈಯಲ್ಲಿ ಉಳಿಯುತ್ತದೆ. ನಾಲ್ಕೂ ಒಂದೇ ಥರ ಕಂಡರೆ ಮುಂದಕ್ಕೆ ಹೋಗಿ. ಅಲ್ಲಿ ಸಿಗಬಹುದಾದದ್ದು ಬಹಳ ಕಡಿಮೆ, ಸಮಯ ಹಾಳು.

ಇನ್ನು ಓದುವ ಬಗೆ. ನೋಂದಣಿ ಮಾಡಿದವರಿಗೆ ಎನ್‌ಐಎಸ್‌ಎಂ ವರ್ಕ್‌ಬುಕ್ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಅದೇ ನಿಮ್ಮ ಪಠ್ಯ. ಅದನ್ನು ಬಿಟ್ಟು ಅಣ್ಣನೋ ಅಕ್ಕನೋ ಕೊಟ್ಟ ಹಳೆಯ ಜೆರಾಕ್ಸ್ ನೋಟ್ಸ್ ಓದಬೇಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಾಲೇಜಿನ ಒಬ್ಬ ಹುಡುಗ, ನಿಜಕ್ಕೂ ಓದಿಕೊಂಡವನು, ಸಂದರ್ಶನಕ್ಕೆ ಹೋದ. "ಸೋಮವಾರ ಷೇರು ಕೊಂಡರೆ ಯಾವತ್ತು ಖಾತೆಗೆ ಬರುತ್ತದೆ?" ಎಂದು ಕೇಳಿದರು. "ಬುಧವಾರ" ಅಂದ. ಒಂದು ಕಾಲದಲ್ಲಿ ಅದು ಸರಿಯುತ್ತರವೇ ಆಗಿತ್ತು. ವಹಿವಾಟಾದ ದಿನ ಬಿಟ್ಟು ಎರಡನೆಯ ಕೆಲಸದ ದಿನಕ್ಕೆ ಸೆಟ್ಲ್‌ಮೆಂಟ್ ಆಗುತ್ತಿತ್ತು, ಅದಕ್ಕೆ ಟಿ ಪ್ಲಸ್ ಟು ಅನ್ನುತ್ತಿದ್ದರು. 2023ರ ಜನವರಿ 27ರಿಂದ ನಮ್ಮ ದೇಶದ ಎಲ್ಲ ಷೇರುಗಳೂ ಟಿ ಪ್ಲಸ್ ಒನ್‌ಗೆ ಬಂದಿವೆ, ಮುಂದಿನ ಕೆಲಸದ ದಿನಕ್ಕೇ ಮುಗಿಯುತ್ತದೆ. ಹುಡುಗ ಓದಿದ್ದ ನೋಟ್ಸ್ ಅದಕ್ಕೂ ಹಿಂದಿನದು. ಅವನು ಹೊರಗೆ ಬಂದು ನನ್ನ ಮುಂದೆ ನಿಂತಾಗ ನನಗೇ ಸಂಕಟವಾಯಿತು, ಆ ನೋಟ್ಸನ್ನು ನಾನು ಒಮ್ಮೆ ತೆಗೆದು ನೋಡಬಹುದಿತ್ತು. ಹಾಗಾಗಿ ವರ್ಕ್‌ಬುಕ್ಕಿನ ಮೊದಲ ಪುಟಗಳಲ್ಲಿ ಅದು ಯಾವ ತಿಂಗಳ ಆವೃತ್ತಿ ಎಂದು ನೋಡಿಕೊಂಡೇ ಓದಲು ಕೂರಿ.

ವರ್ಕ್‌ಬುಕ್ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವಾರ ಭಾರ ಅನ್ನಿಸುತ್ತದೆ. ಕ್ಲಿಯರಿಂಗ್ ಮತ್ತು ಸೆಟ್ಲ್‌ಮೆಂಟ್ ಅಧ್ಯಾಯಗಳೇ ಇದರ ಜೀವ, ಅವನ್ನು ಬಾಯಿಪಾಠ ಮಾಡಬೇಡಿ. ಒಂದು ವಹಿವಾಟನ್ನು ಹಾಳೆಯ ಮೇಲೆ ಬರೆದು ಕನ್ನಡದಲ್ಲೇ ನಡೆಸಿ ನೋಡಿ.

ಉದಾಹರಣೆಗೆ, ಒಂದೇ ಬ್ರೋಕರ್ ಹತ್ತಿರ ಇಬ್ಬರು ಗ್ರಾಹಕರಿದ್ದಾರೆ. ಸೋಮವಾರ ಒಬ್ಬರು ಒಂದು ಕಂಪನಿಯ 100 ಷೇರು ಕೊಂಡರು, ಇನ್ನೊಬ್ಬರು ಅದೇ ಕಂಪನಿಯ 60 ಷೇರು ಮಾರಿದರು. ಸಂಜೆ, ಎಲ್ಲ ವಹಿವಾಟುಗಳ ಲೆಕ್ಕ ತೀರಿಸುವ ಸಂಸ್ಥೆಯಾದ ಕ್ಲಿಯರಿಂಗ್ ಕಾರ್ಪೊರೇಷನ್ ಕೊಡುವುದು ತೆಗೆದುಕೊಳ್ಳುವುದನ್ನು ವಜಾ ಮಾಡಿ, ಈ ಬ್ರೋಕರಿಗೆ ಬರಬೇಕಾದದ್ದು 40 ಷೇರು ಎಂದು ತೀರ್ಮಾನಿಸುತ್ತದೆ. ಮಂಗಳವಾರ ಕೊಡಬೇಕಾದವರೆಲ್ಲ ಹಣ, ಷೇರು ಒಳಗೆ ಹಾಕುತ್ತಾರೆ, ಅದು ಪೇ-ಇನ್. ಆಮೇಲೆ ಬರಬೇಕಾದವರಿಗೆ ಹೋಗುತ್ತದೆ, ಅದು ಪೇ-ಔಟ್. ಈಗ, ಮಾರಿದವರೊಬ್ಬರು ಷೇರು ಕೊಡದೇ ಹೋದರೆ? ಕೊಂಡವರು ಅವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ವಹಿವಾಟಿನ ಎರಡೂ ಕಡೆಗೆ ಕ್ಲಿಯರಿಂಗ್ ಕಾರ್ಪೊರೇಷನ್ನೇ ಎದುರು ಪಕ್ಷವಾಗಿ ನಿಂತಿರುತ್ತದೆ. ಅದು ಹರಾಜಿನಲ್ಲಿ ಬೇರೆಯವರಿಂದ ಆ ಷೇರು ಕೊಂಡು ಕೊಡಿಸುತ್ತದೆ. ಹರಾಜಿನಲ್ಲೂ ಸಿಗದಿದ್ದರೆ ನಿಯಮದಂತೆ ಬೆಲೆ ಕಟ್ಟಿ ಹಣದಲ್ಲಿ ತೀರಿಸುತ್ತದೆ. ನಷ್ಟ ಬೀಳುವುದು ಕೊಡಲು ತಪ್ಪಿದವರ ಮೇಲೆ. ಹೀಗೆ ಯಾರಾದರೂ ತಪ್ಪಿಬಿಟ್ಟಾರು ಎಂದೇ ವಹಿವಾಟಿಗೆ ಮೊದಲು ಮಾರ್ಜಿನ್ ಹಣ ಕಟ್ಟಿಸಿಕೊಳ್ಳುವುದು, ರಿಸ್ಕ್ ಮ್ಯಾನೇಜ್‌ಮೆಂಟ್ ಅಧ್ಯಾಯ ಶುರುವಾಗುವುದೂ ಅಲ್ಲಿಂದಲೇ.

ಕಳೆದ ಸಾಲಿನಲ್ಲಿ ನಮ್ಮ ಒಬ್ಬ ಹುಡುಗಿಗೆ ಸಂದರ್ಶನದಲ್ಲಿ ಕೇಳಿದ್ದು ಇದೇ, ಷೇರು ಬರದಿದ್ದರೆ ಏನಾಗುತ್ತದೆ ಎಂದು. ಅವಳ ಇಂಗ್ಲಿಷ್ ಅಲ್ಲಲ್ಲಿ ತಡವರಿಸುತ್ತಿತ್ತು. ಆದರೆ ಹರಾಜು, ಆಮೇಲೆ ಹಣದಲ್ಲಿ ತೀರುವಳಿ, ಅದರ ಕ್ರಮ ಅವಳಿಗೆ ತಪ್ಪಲಿಲ್ಲ. ಅವಳಿಗೆ ಕೆಲಸವಾಯಿತು. ಅದೇ ದಿನ, ಅವಳಿಗಿಂತ ಹೆಚ್ಚು ಅಂಕ ಪಡೆದು ಅದೇ ಸರ್ಟಿಫಿಕೇಟ್ ಇಟ್ಟುಕೊಂಡಿದ್ದವನಿಗೆ ಆಗಲಿಲ್ಲ. ಅವನು ಮಾದರಿ ಪ್ರಶ್ನೆಗಳನ್ನಷ್ಟೇ ಉರುಹೊಡೆದಿದ್ದ, "ಯಾಕೆ" ಎಂಬ ಎರಡನೆಯ ಪ್ರಶ್ನೆಗೆ ನಿಂತುಬಿಟ್ಟ.

ಇದರ ಜೊತೆಗೆ ಎಕ್ಸೆಲ್ಲಿನಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳಿ. ಒಂದು ಹಾಳೆಯಲ್ಲಿ ಬ್ರೋಕರಿನ ಲೆಕ್ಕದ ಐವತ್ತು ಸಾಲು, ಇನ್ನೊಂದರಲ್ಲಿ ಬ್ಯಾಂಕಿನ ಐವತ್ತು ಸಾಲು ನೀವೇ ಬರೆದುಕೊಳ್ಳಿ, ನಾಲ್ಕೈದು ಕಡೆ ಬೇಕೆಂದೇ ವ್ಯತ್ಯಾಸ ಇಡಿ. ವಿಲುಕಪ್ ಸೂತ್ರ ಹಾಕಿ ತಾಳೆಯಾಗದ ಸಾಲುಗಳನ್ನು ಹುಡುಕಿ. ಆ ಕಚೇರಿಗಳಲ್ಲಿ ಮೊದಲ ವರ್ಷ ಮಾಡಿಸುವುದು ಬಹುಪಾಲು ಈ ಕೆಲಸವನ್ನೇ.

ಸಮಯದ ವಿಷಯ. ದಿನಕ್ಕೆ ಒಂದೂವರೆ ಗಂಟೆಯಂತೆ ಐದಾರು ವಾರ ಓದಿದರೆ ನಮ್ಮ ಮಕ್ಕಳು ಪಾಸಾಗಿದ್ದಾರೆ. ಐದನೆಯ ಸೆಮಿಸ್ಟರಿನ ನಡುವೆ ಶುರು ಮಾಡಿ, ಕಂಪನಿಗಳು ಕಾಲೇಜಿಗೆ ಬರುವ ಮೊದಲೇ ಮುಗಿಸಿ. ಸರ್ಟಿಫಿಕೇಟಿನ ಅವಧಿ 3 ವರ್ಷ, ಹಾಗಾಗಿ ಮೊದಲ ವರ್ಷದಲ್ಲೇ ಬರೆದಿಡುವುದು ಬೇಡ, ಡಿಗ್ರಿ ಮುಗಿಯುವಷ್ಟರಲ್ಲಿ ಅದರ ಆಯಸ್ಸೂ ಮುಗಿಯುತ್ತಾ ಬಂದಿರುತ್ತದೆ. ಶುಲ್ಕ ಸುಮಾರು 1500 ರೂಪಾಯಿ, ಮೇಲೆ ತೆರಿಗೆ. ಕಟ್ಟುವ ದಿನ ಎನ್‌ಐಎಸ್‌ಎಂ ಜಾಲತಾಣದಲ್ಲೇ ಮೊತ್ತ ನೋಡಿಕೊಳ್ಳಿ. ಫೇಲಾದರೆ ಮತ್ತೆ ಪೂರ್ತಿ ಕಟ್ಟಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಇದು ಸಣ್ಣ ಹಣವಲ್ಲ, ಅದಕ್ಕೇ ಮಾದರಿ ಪರೀಕ್ಷೆಗಳಲ್ಲಿ ಕಾಲು ಅಂಕ ಕಳೆದೂ ಸತತವಾಗಿ 60 ದಾಟುವವರೆಗೆ ದಿನಾಂಕ ಗೊತ್ತು ಮಾಡಬೇಡಿ. "ಹತ್ತು ಸಾವಿರ ಕೊಡಿ, ಪಾಸು ನಮ್ಮ ಜವಾಬ್ದಾರಿ" ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ನೋಂದಣಿಗೆ ಮಧ್ಯವರ್ತಿಯೇ ಬೇಕಿಲ್ಲ.

ಕೊನೆಯದಾಗಿ ಒಂದು ಕಾಗದದ ಮಾತು. ನೋಂದಣಿಗೆ ಪಾನ್ ಕಾರ್ಡ್ ಕಡ್ಡಾಯ. ಕೊನೆಯ ವರ್ಷದ ಬಹಳ ಮಕ್ಕಳ ಹತ್ತಿರ ಅದು ಇರುವುದಿಲ್ಲ. ಇದ್ದರೂ ಪಾನ್‌ನಲ್ಲಿ ತಂದೆಯ ಹೆಸರು ಸೇರಿರುತ್ತದೆ, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಊರಿನ ಹೆಸರು. ಪಾನ್‌ನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೇ ನೋಂದಣಿಯಲ್ಲಿ ಬರೆಯಿರಿ, ಯಾಕೆಂದರೆ ಸರ್ಟಿಫಿಕೇಟ್ ಪಾನ್ ಸಂಖ್ಯೆಗೇ ಅಂಟಿಕೊಂಡಿರುತ್ತದೆ. ಹೆಸರು ತಿದ್ದಿಸಬೇಕಿದ್ದರೆ ಅದಕ್ಕೆ ವಾರಗಳೇ ಹಿಡಿಯುತ್ತವೆ. ಹಾಗಾಗಿ ವರ್ಕ್‌ಬುಕ್ ತೆರೆಯುವ ಮೊದಲು, ಇವತ್ತು ರಾತ್ರಿಯೇ, ಪಾನ್, ಆಧಾರ್, ಅಂಕಪಟ್ಟಿ ಮೂರನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ಓದಿ ನೋಡಿ.

ನಮಸ್ಕಾರ.