ಅಕ್ಷ ಆಮೇಲೆ, ಮೊದಲು ಪಟ್ಟಿ: ಡಿಸ್ಕಾ, ಶೆಲ್ಲಾ?

ಎಲ್ಲರಿಗೂ ನಮಸ್ಕಾರ, ವಿಜಯಪುರದಿಂದ. ಇವತ್ತು ಬೇರೆ ಪಾಠ ಮಾಡಬೇಕಿತ್ತು. ಆದರೆ ಒಂದು ಜಾಗವನ್ನು ಅಕ್ಷದ ಸುತ್ತ ತಿರುಗಿಸಿದಾಗ ಆಗುವ ಆಕಾರದ ಘನಫಲ ಹುಡುಕೋದು ಹೇಗೆ ಅನ್ನೋ ಹೋದ ವಿಡಿಯೋಗೆ ಬಂದ ಒಂದು ಕಾಮೆಂಟ್ ನನ್ನನ್ನು ಸುಮ್ನೆ ಕೂರಲು ಬಿಡುತ್ತಿಲ್ಲ. ಬಾಗಲಕೋಟೆಯ ಹುಡುಗ ಬರೆದಿದ್ದಾನೆ: "ಸರ್, ಎಕ್ಸ್ ಅಕ್ಷ ಇದ್ರ ಡಿಸ್ಕ್, ವೈ ಅಕ್ಷ ಇದ್ರ ಶೆಲ್. ಇಷ್ಟ ಐತಿ. ಇದಕ್ಕ ಇಷ್ಟುದ್ದ ವಿಡಿಯೋ ಯಾಕ ಬೇಕು?" ಅದಕ್ಕೆ ಲೈಕ್ ಮೇಲೆ ಲೈಕ್ ಬಿದ್ದಿವೆ.

ತಮ್ಮಾ, ಅಂಥ ನಿಯಮ ಇಲ್ಲ. ಅಕ್ಷ ಒಂದೇ ಏನನ್ನೂ ತೀರ್ಮಾನ ಮಾಡುವುದಿಲ್ಲ. ನೀನು ಎಳೆಯುವ ಪಟ್ಟಿ ನೋಡು.

ಕೊಟ್ಟ ಜಾಗದಲ್ಲಿ ಒಂದು ತೆಳ್ಳನೆ ಪಟ್ಟಿ ಎಳೆಯುತ್ತೀರಿ ಅಲ್ವಾ? ಆ ಪಟ್ಟಿ ಅಕ್ಷಕ್ಕೆ ಅಡ್ಡಲಾಗಿ, ಲಂಬವಾಗಿ ನಿಂತಿದ್ದರೆ, ತಿರುಗಿಸಿದಾಗ ಡಿಸ್ಕ್ ಆಗುತ್ತೆ. ಪಟ್ಟಿ ಅಕ್ಷಕ್ಕೆ ತಾಗದೆ ದೂರ ಇದ್ದರೆ ನಡುವೆ ತೂತು ಬಿದ್ದು ವಾಷರ್ ಆಗುತ್ತೆ. ಪಟ್ಟಿ ಅಕ್ಷಕ್ಕೆ ಸಮಾಂತರ ಇದ್ದರೆ ಶೆಲ್. ಶೆಲ್ ಅಂದರೆ ಬೋರ್‌ವೆಲ್ ಕೇಸಿಂಗ್ ಪೈಪಿನ ತುಂಡು ಇದ್ದ ಹಾಗೆ. ಅದನ್ನು ಉದ್ದಕ್ಕೆ ಸೀಳಿ ಬಿಚ್ಚಿದರೆ ಒಂದು ಹಾಳೆ ಸಿಗುತ್ತೆ: ಒಂದು ಬದಿ 2πr, ಇನ್ನೊಂದು ಬದಿ h, ಜೊತೆಗೆ ದಪ್ಪ. ಶೆಲ್ ಫಾರ್ಮುಲಾ ಅಂದರೆ ಇಷ್ಟೇ, ಬಾಯಿಪಾಠ ಬೇಡ.

ಹಾಗಾದರೆ ಪಟ್ಟಿ ಯಾವ ಕಡೆಗೆ ಎಳೆಯಬೇಕು? ಇಡೀ ಜಾಗದಲ್ಲಿ ಎಲ್ಲಿಗೆ ಸರಿಸಿದರೂ ಅದರ ಎರಡು ತುದಿ ಅವೇ ಎರಡು ಗೆರೆಗಳ ಮೇಲೆ ಇರಬೇಕು. ಅಂಥ ಪಟ್ಟಿ ಹುಡುಕಿ. ಅಕ್ಷದ ಮಾತು ಆಮೇಲೆ.

ಸ್ಕ್ರೀನ್ ಮೇಲೆ ನೋಡಿ. ಮೇಲೆ y = √x, ಕೆಳಗೆ ಎಕ್ಸ್ ಅಕ್ಷ, ಬಲಕ್ಕೆ y = x − 2 ಅನ್ನೋ ಓರೆ ಗೆರೆ. ವಕ್ರರೇಖೆ ಮತ್ತು ಗೆರೆ ಸೇರುವುದು (4, 2) ಬಿಂದುವಿನಲ್ಲಿ. ಈ ಮೂರರ ನಡುವಿನ ಜಾಗವನ್ನು ಎಕ್ಸ್ ಅಕ್ಷದ ಸುತ್ತ ತಿರುಗಿಸಬೇಕು. ಕಾಮೆಂಟಿನ ನಿಯಮ ಏನು ಹೇಳುತ್ತೆ? ಎಕ್ಸ್ ಅಕ್ಷ, ಅದಕ್ಕೇ ಡಿಸ್ಕ್. ಸರಿ, ನಿಂತ ಪಟ್ಟಿ ಎಳೆಯಿರಿ. x = 2 ಬರೋ ತನಕ ಪಟ್ಟಿಯ ಕೆಳತುದಿ ಎಕ್ಸ್ ಅಕ್ಷದ ಮೇಲೆ ಇರುತ್ತೆ. 2 ದಾಟಿದ ಕೂಡಲೇ ಅದು ಓರೆ ಗೆರೆಯ ಮೇಲೆ ಹತ್ತುತ್ತೆ. ತುದಿ ಬದಲಾಯಿತು ಅಂದರೆ ಇಂಟಿಗ್ರಲ್ ಎರಡು ತುಂಡಾಯಿತು.

ಈಗ ಮಲಗಿದ ಪಟ್ಟಿ ಎಳೆಯಿರಿ. ಎಡತುದಿ ಯಾವಾಗಲೂ x = y² ಮೇಲೆ, ಬಲತುದಿ ಯಾವಾಗಲೂ x = y + 2 ಮೇಲೆ. y ಸೊನ್ನೆಯಿಂದ 2ರ ತನಕ ಎಲ್ಲೂ ಬದಲಾಗುವುದಿಲ್ಲ. ಈ ಪಟ್ಟಿ ಎಕ್ಸ್ ಅಕ್ಷಕ್ಕೆ ಸಮಾಂತರ, ಹಾಗಾಗಿ ಶೆಲ್. ಹೌದು ತಮ್ಮಾ, ಎಕ್ಸ್ ಅಕ್ಷ ಇದ್ದರೂ ಶೆಲ್! ತ್ರಿಜ್ಯ y, ಪೈಪಿನ ಉದ್ದ y + 2 − y².

V = 2π ∫₀² y(y + 2 − y²) dy = 2π(8/3 + 4 − 4) = 16π/3

ಇದು ಸರಿಯಾ ಅಂತ ಇಂಟಿಗ್ರಲ್ ಇಲ್ಲದೆಯೂ ನೋಡಬಹುದು. ವಕ್ರರೇಖೆಯ ಕೆಳಗಿನ ಪೂರ್ತಿ ಜಾಗ ತಿರುಗಿದರೆ ಪ್ಯಾರಾಬೊಲಾಯ್ಡ್. ಅದರ ಘನಫಲ ತನ್ನನ್ನು ಸುತ್ತಿರುವ ಸಿಲಿಂಡರಿನ ಅರ್ಧ. ಆ ಸಿಲಿಂಡರಿನ ತ್ರಿಜ್ಯ 2, ಉದ್ದ 4, ಘನಫಲ 16π. ಅರ್ಧ 8π. ಅದರಿಂದ ಓರೆ ಗೆರೆಯ ಕೆಳಗಿನ ಶಂಕು ತೆಗೆಯಬೇಕು: ತ್ರಿಜ್ಯ 2, ಎತ್ತರ 2, ಘನಫಲ 8π/3. ಕಳೆದರೆ 16π/3. ಸರಿ ಹೋಯಿತು.

ಇನ್ನು ನಿಯಮ ನಂಬಿ, ಚಿತ್ರ ಬರೆಯದೆ ಹೊರಟವರ ಕಥೆ ಕೇಳಿ. ಅವರು ಮೇಲಿನದರ ವರ್ಗದಿಂದ ಕೆಳಗಿನದರ ವರ್ಗ ಕಳೆದು, ಸೊನ್ನೆಯಿಂದ 4ರ ತನಕ ಒಂದೇ ಏಟಿಗೆ ಹೀಗೆ ಬರೆಯುತ್ತಾರೆ.

π ∫₀⁴ [x − (x − 2)²] dx = 8π/3

ಸರಿ ಉತ್ತರದ ಕರೆಕ್ಟಾಗಿ ಅರ್ಧ! ಯಾಕೆ ಅಂದರೆ ಸೊನ್ನೆಯಿಂದ 2ರ ತನಕ ಓರೆ ಗೆರೆ ಅಕ್ಷದ ಕೆಳಗಿದೆ, x − 2 ಮೈನಸ್. ವರ್ಗ ಮಾಡಿದ ಕೂಡಲೇ ಆ ಮೈನಸ್ ಮಾಯವಾಗಿ, ಇಲ್ಲದ ಇನ್ನೊಂದು ಶಂಕು ಕಳೆದುಹೋಯಿತು. ಲೆಕ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಾಗಿ ಕಾಣುವುದಿಲ್ಲ, ಉತ್ತರ ಧನವಾಗಿಯೇ ಬರುತ್ತೆ, ನೋಡೋಕೆ ಚೆನ್ನಾಗಿಯೂ ಇರುತ್ತೆ. ಚಿತ್ರ ಬರೆದವನಿಗೆ ಮಾತ್ರ ಈ ತಪ್ಪು ಗೊತ್ತಾಗುತ್ತೆ.

ಇಷ್ಟಕ್ಕೇ ಬಿಡುವುದಿಲ್ಲ ನಾನು. ಅದೇ ಜಾಗವನ್ನು ವೈ ಅಕ್ಷದ ಸುತ್ತ ತಿರುಗಿಸಿ. ನಿಯಮದ ಪ್ರಕಾರ ಶೆಲ್ ಬರಬೇಕು. ಆದರೆ ನಮ್ಮ ಮಲಗಿದ ಪಟ್ಟಿ ವೈ ಅಕ್ಷಕ್ಕೆ ಲಂಬ, ಅಂದರೆ ವಾಷರ್. ಹೊರ ತ್ರಿಜ್ಯ y + 2, ಒಳ ತ್ರಿಜ್ಯ y².

V = π ∫₀² [(y + 2)² − y⁴] dy = 184π/15

ಒಂದೇ ಜಾಗ, ಒಂದೇ ಪಟ್ಟಿ. ಎಕ್ಸ್ ಅಕ್ಷಕ್ಕೆ ಶೆಲ್, ವೈ ಅಕ್ಷಕ್ಕೆ ವಾಷರ್. ಕಾಮೆಂಟಿನ ನಿಯಮ ಪೂರ್ತಿ ತಲೆಕೆಳಗು! (ಇಲ್ಲಿ ವಿಡಿಯೋ ನಿಲ್ಲಿಸಿ ಲೆಕ್ಕ ಮಾಡಿ ನೋಡಿ. ಹಾಗೇ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮುಂದಿನ ಲೈವ್ ಕೂಡ ಇದರ ಮೇಲೇ ಇದೆ.)

ಹಾಗಾದರೆ ಆ ನಿಯಮ ಹುಟ್ಟಿದ್ದು ಎಲ್ಲಿಂದ? ಪುಸ್ತಕದ ಲೆಕ್ಕಗಳಿಂದ. ಅಲ್ಲಿ ಜಾಸ್ತಿ ಲೆಕ್ಕ y = f(x) ರೂಪದಲ್ಲೇ ಇರುತ್ತವೆ. y = x − x³ ತಗೊಳ್ಳಿ, ಸೊನ್ನೆಯಿಂದ 1ರ ತನಕ. ಇಲ್ಲಿ ಮಲಗಿದ ಪಟ್ಟಿ ಎಳೆದರೆ ಎರಡೂ ತುದಿ ಹುಡುಕಲು ಘನ ಸಮೀಕರಣ ಬಿಡಿಸಬೇಕು, ಯಾರಿಗೆ ಬೇಕು ಅದು? ನಿಂತ ಪಟ್ಟಿಯೇ ಸರಿ. ಅದು ಎಕ್ಸ್ ಅಕ್ಷಕ್ಕೆ ಲಂಬ, ಹಾಗಾಗಿ ಡಿಸ್ಕ್, ಉತ್ತರ 8π/105. ವೈ ಅಕ್ಷಕ್ಕೆ ಸಮಾಂತರ, ಹಾಗಾಗಿ ಶೆಲ್, ಉತ್ತರ 4π/15. ಇಂಥವನ್ನೇ ಮಾಡಿ ಮಾಡಿ ಹುಡುಗರು ಅಕ್ಷವೇ ಕಾರಣ ಅಂದುಕೊಂಡರು. ಕಾರಣ ಆ ನಿಂತ ಪಟ್ಟಿ. ಪಟ್ಟಿ, ಪಟ್ಟಿ, ಪಟ್ಟಿ!

ಇನ್ನೊಬ್ಬರು ಕೇಳಿದ್ದಾರೆ, ಎರಡರಲ್ಲೂ ಉತ್ತರ ಒಂದೇ ಬರುತ್ತಲ್ಲ ಸರ್, ಯಾವುದಾದರೇನು ಅಂತ. ಉತ್ತರ ಒಂದೇ ಬರುತ್ತೆ, ಕೊನೆ ಮುಟ್ಟಿದರೆ. ಘನ ಸಮೀಕರಣದ ನಡುವೆ ಸಿಕ್ಕಿಕೊಂಡವರು ಎಲ್ಲಿ ಮುಟ್ಟುತ್ತಾರೆ? ಮತ್ತೊಬ್ಬರು, ಪರೀಕ್ಷೆಯಲ್ಲಿ ಚಿತ್ರಕ್ಕೆ ಮಾರ್ಕ್ಸ್ ಇಲ್ಲ ಅಂತಾರೆ. ಅರ್ಧ ಉತ್ತರಕ್ಕೆ ಮಾರ್ಕ್ಸ್ ಕೊಡುತ್ತಾರಾ? ಬಿಡಿ, ಆ ಮಾತೇ ಬೇಡ.

ನಾನು ಹೇಳೋದು ಒಂದೇ, ಇನ್ನೂ ನೂರು ಕಾಮೆಂಟ್ ಬರಲಿ, ಇದನ್ನೇ ಹೇಳುತ್ತೇನೆ: ಮೊದಲು ಪಟ್ಟಿ, ಆಮೇಲೆ ಅಕ್ಷ. ಅಕ್ಷ ನೋಡಿ ಫಾರ್ಮುಲಾ ಹಾಕಬೇಡಿ. ಹಾಕಲೇಬೇಡಿ!

ಬಾಗಲಕೋಟೆ ತಮ್ಮನಿಗೆ ಒಂದು ಲೆಕ್ಕ ಕೊಡುತ್ತೇನೆ. ಅದೇ ಜಾಗ, ಈ ಸಲ y = −1 ಗೆರೆಯ ಸುತ್ತ. ಅದು ಎಕ್ಸ್ ಅಕ್ಷವೂ ಅಲ್ಲ, ವೈ ಅಕ್ಷವೂ ಅಲ್ಲ, ನಿನ್ನ ನಿಯಮ ಇಲ್ಲಿ ಏನು ಹೇಳುತ್ತೆ ನೋಡೋಣ. ಪಟ್ಟಿ ನೋಡಿದರೆ ಬದಲಾಗುವುದು ತ್ರಿಜ್ಯ ಮಾತ್ರ: y ಇದ್ದ ಕಡೆ y + 1. ಉತ್ತರ 12π ಬರಬೇಕು. ಬಂತಾ ಇಲ್ಲವಾ, ಚಿತ್ರದ ಸಮೇತ ಕಳಿಸು, ಭಾನುವಾರದ ಲೈವ್‌ನಲ್ಲಿ ಅದನ್ನೇ ಮೊದಲು ತೋರಿಸುತ್ತೇನೆ.